ಅಗಸೆ ಇರುವಾಗ ಚಿಯಾ ಬೇಕೆ? ನಾಲ್ಕು ಬೀಜಗಳ ಬೆಲೆ ಮತ್ತು ಫಲ

ಶಿವಾಜಿನಗರದಲ್ಲಿ ರಸೆಲ್ ಮಾರ್ಕೆಟ್ ಸುತ್ತಮುತ್ತಲಿನ ಡ್ರೈಫ್ರೂಟ್ ಅಂಗಡಿಗಳಲ್ಲಿ ಹಿಂದೆ ಖರ್ಜೂರ, ಬಾದಾಮಿ, ಅಂಜೂರ, ಮಗಜ್ ಮುಂದಿನ ಸಾಲಿನಲ್ಲಿರುತ್ತಿದ್ದವು. ಈಗ ಅವುಗಳ ಪಕ್ಕದಲ್ಲಿ ಬೀಜಗಳ ಜಾಡಿಗಳೂ ಬಂದು ಕುಳಿತಿವೆ. ಕಂದು ಬಣ್ಣದ ಅಗಸೆ, ಬೂದು ಬಣ್ಣದ ಚಿಯಾ, ಹಸಿರು ಕುಂಬಳಬೀಜ, ಬಿಳಿ ಎಳ್ಳು. ಇಂದಿರಾನಗರದ ಸೂಪರ್ ಮಾರ್ಕೆಟ್‌ಗಳಲ್ಲಿ ಇವೇ ಬೀಜಗಳು ಚಂದದ ಪೊಟ್ಟಣದಲ್ಲಿ, ಹಲವು ಪಟ್ಟು ಬೆಲೆಗೆ ಸಿಗುತ್ತವೆ. ಸಕ್ಕರೆ ಕಾಯಿಲೆಗೆ ಇದು, ಮಂಡಿ ನೋವಿಗೆ ಅದು, ಕೂದಲು ಉದುರುವುದಕ್ಕೆ ಇನ್ನೊಂದು ಎಂದು ಮೊಬೈಲ್‌ನಲ್ಲಿ ಬರುವ ಸಂದೇಶಗಳನ್ನು ನಂಬಿ ನಾಲ್ಕನ್ನೂ ತರುವ ಮನೆಗಳು ಈಗ ಬಹಳ. ತಿಂಗಳಿಗೆ ಐನೂರು, ಆರುನೂರು ರೂಪಾಯಿ ಹೀಗೆ ಹೋಗುತ್ತದೆ. ಬಿಗಿ ಸಂಬಳದಲ್ಲಿ ನಡೆಯುವ ಮನೆಗೆ ಅದು ಸಣ್ಣ ಹಣವಲ್ಲ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ಈ ಬೀಜ ಒಳ್ಳೆಯದೇ?’ ಎಂಬುದಲ್ಲ. ನಾಲ್ಕೂ ಒಳ್ಳೆಯವೇ. ಈ ಬೀಜ ಕೊಡುವುದನ್ನೇ ಇದಕ್ಕಿಂತ ಅಗ್ಗವಾದದ್ದು ಯಾವುದಾದರೂ ಕೊಡುತ್ತದೆಯೇ ಎಂದು ಕೇಳಬೇಕು. ಹಾಗೆ ಕೇಳಿದರೆ ನಾಲ್ಕು ಬೀಜಗಳು ಎರಡು ಜೋಡಿಗಳಾಗುತ್ತವೆ. ಅಗಸೆ ಮತ್ತು ಚಿಯಾ ಒಂದು ಜೋಡಿ, ಎಳ್ಳು ಮತ್ತು ಕುಂಬಳಬೀಜ ಇನ್ನೊಂದು. ಎರಡು ಜೋಡಿಯಲ್ಲೂ ನಮ್ಮ ಅಜ್ಜಿಯರಿಗೆ ಗೊತ್ತಿದ್ದ ಅಗ್ಗದ ಬೀಜವೇ ಹೆಚ್ಚಿನ ಕೆಲಸ ಮಾಡುತ್ತದೆ. ಆದರೆ ಎರಡಕ್ಕೂ ಒಂದೊಂದು ಷರತ್ತಿದೆ. ಆ ಷರತ್ತು ಮರೆತರೆ ಅಗ್ಗದ ಬೀಜದ ಹಣವೂ ನಷ್ಟವೇ.

ಮೊದಲು ಅಗಸೆಯನ್ನು ನೋಡೋಣ. ನಮ್ಮ ಮನೆಗಳಲ್ಲಿ ಇದನ್ನು ಅಲ್ಸಿ ಎನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯ ಪಕ್ಕದಲ್ಲಿ ಅಗಸೆ ಚಟ್ನಿಪುಡಿ ಇಲ್ಲದ ತಟ್ಟೆ ಕಡಿಮೆ. ಚಿಯಾ ಮೆಕ್ಸಿಕೋ ಕಡೆಯ ಬೆಳೆ. ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು ಇಲ್ಲಿನ ರೈತರಿಗೆ ಅದರ ಕೃಷಿಯನ್ನು ಪರಿಚಯಿಸಿದ ಮೇಲೆ ಮೈಸೂರು ಭಾಗದಲ್ಲಿಯೂ ಬೆಳೆಯುತ್ತಿದ್ದಾರೆ. ಹಾಗಾಗಿ ಅದನ್ನು ಪೂರ್ತಿ ಹೊರಗಿನದು ಎನ್ನುವಂತಿಲ್ಲ. ಆದರೂ ಅಂಗಡಿಯಲ್ಲಿ ಅದರ ಬೆಲೆ ಅಗಸೆಯ ಎರಡು ಮೂರು ಪಟ್ಟು ಇರುತ್ತದೆ.

ಎರಡನ್ನೂ ಜನ ಕೊಳ್ಳುವುದು ಮುಖ್ಯವಾಗಿ ಒಮೆಗಾ-3 ಕೊಬ್ಬಿಗಾಗಿ ಮತ್ತು ನಾರಿಗಾಗಿ. ನೂರು ಗ್ರಾಂ ಅಗಸೆಯಲ್ಲಿ ಸುಮಾರು 23 ಗ್ರಾಂ ಸಸ್ಯಮೂಲದ ಒಮೆಗಾ-3 ಇದೆ, ಚಿಯಾದಲ್ಲಿ ಸುಮಾರು 18 ಗ್ರಾಂ. ನಾರಿನಲ್ಲಿ ಚಿಯಾ ಸ್ವಲ್ಪ ಮುಂದು: ಅಗಸೆಯಲ್ಲಿ 27 ಗ್ರಾಂ, ಚಿಯಾದಲ್ಲಿ 34 ಗ್ರಾಂ. ಚಿಯಾದಲ್ಲಿ ಕ್ಯಾಲ್ಸಿಯಂ ಕೂಡ ಹೆಚ್ಚು. ಪ್ರೋಟೀನ್ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಅಂದರೆ ಒಂದೇ ಕುಟುಂಬದ ಇಬ್ಬರು ಸಹೋದರರಂತೆ, ಸ್ವಭಾವದಲ್ಲಿ ಚೂರು ವ್ಯತ್ಯಾಸ ಅಷ್ಟೆ.

ಈಗ ಬೆಲೆ. ದರ ವಾರದಿಂದ ವಾರಕ್ಕೆ ಏರಿಳಿಯುತ್ತದೆ, ಬೀದಿಯಿಂದ ಬೀದಿಗೂ ಬದಲಾಗುತ್ತದೆ. ಆದ್ದರಿಂದ ಇಲ್ಲಿ ಕೊಟ್ಟಿರುವ ಬೆಲೆಗಳನ್ನು ಲೆಕ್ಕ ಕಲಿಯುವುದಕ್ಕೆ ಮಾತ್ರ ಇಟ್ಟುಕೊಳ್ಳಿ, ನಿಮ್ಮ ಅಂಗಡಿಯ ದರವನ್ನು ಆ ಜಾಗದಲ್ಲಿ ಹಾಕಿ. ಬಿಡಿ ಅಗಸೆ ಕಿಲೋಗೆ 140 ರೂಪಾಯಿ, ಬಿಡಿ ಚಿಯಾ 400 ರೂಪಾಯಿ ಎಂದುಕೊಳ್ಳೋಣ. ಸೂಪರ್ ಮಾರ್ಕೆಟ್‌ನ 200 ಗ್ರಾಂ ಚಿಯಾ ಪೊಟ್ಟಣ 180 ರೂಪಾಯಿ ಎಂದರೆ ಅದು ಕಿಲೋಗೆ 900 ರೂಪಾಯಿ ಆಯಿತು. ಒಂದು ದೊಡ್ಡ ಚಮಚ, ಅಂದರೆ ಮೂರು ಟೀ ಚಮಚ ಅಗಸೆ ಪುಡಿ ಏಳು ಗ್ರಾಂ ತೂಗುತ್ತದೆ. ಅದರಲ್ಲಿ ಒಂದೂವರೆ ಗ್ರಾಂಗಿಂತ ತುಸು ಹೆಚ್ಚು ಒಮೆಗಾ-3 ಇದೆ. ದೊಡ್ಡವರಿಗೆ ದಿನಕ್ಕೆ ಬೇಕಾದ ಸಸ್ಯಮೂಲದ ಒಮೆಗಾ-3 ಅಷ್ಟೇ. ಅದರ ಖರ್ಚು ಒಂದು ರೂಪಾಯಿ. ಅಷ್ಟೇ ಒಮೆಗಾ-3 ಚಿಯಾದಿಂದ ಬರಬೇಕಾದರೆ ಒಂಬತ್ತು ಗ್ರಾಂ ಬೇಕು. ಬಿಡಿಯಾಗಿ ಕೊಂಡರೆ ಮೂರೂವರೆ ರೂಪಾಯಿ, ಪೊಟ್ಟಣದಲ್ಲಿ ಎಂಟು ರೂಪಾಯಿ. ನಾಲ್ಕು ಜನರಿರುವ ಮನೆಗೆ ತಿಂಗಳಿಗೆ ಅಗಸೆಯಾದರೆ 120 ರೂಪಾಯಿ, ಪೊಟ್ಟಣದ ಚಿಯಾ ಆದರೆ ಒಂಬತ್ತುನೂರನ್ನೂ ದಾಟುತ್ತದೆ.

ಹಾಗಾದರೆ ಚಿಯಾದಿಂದ ತೂಕ ಇಳಿಯುತ್ತದೆ ಎನ್ನುತ್ತಾರಲ್ಲ? ಅಮೆರಿಕದಲ್ಲಿ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೆಚ್ಚು ತೂಕದ ಜನರಿಗೆ ಹನ್ನೆರಡು ವಾರ ದಿನಕ್ಕೆ 50 ಗ್ರಾಂ ಚಿಯಾ ಕೊಟ್ಟು ನೋಡಿದರು. 50 ಗ್ರಾಂ ಎಂದರೆ ನಮ್ಮಲ್ಲಿ ಯಾರೂ ತಿನ್ನದಷ್ಟು. ಆದರೂ ತೂಕದಲ್ಲಾಗಲಿ ರಕ್ತದೊತ್ತಡದಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ನೀರಿನಲ್ಲಿ ಉಬ್ಬಿ ಲೋಳೆಯಾಗುವುದರಿಂದ ಹೊಟ್ಟೆ ತುಂಬಿದಂತೆ ಅನಿಸುವುದು ನಿಜ, ಮಲಬದ್ಧತೆಗೂ ಅನುಕೂಲ. ಆದರೆ ಅದೇ ಕೆಲಸವನ್ನು ನಮ್ಮ ಫಾಲೂದಾದ ಸಬ್ಜಾ, ಅಂದರೆ ಕಾಮಕಸ್ತೂರಿ ಬೀಜವೂ ಮಾಡುತ್ತದೆ.

ಹೇಗೂ ಮಾತು ಬಂತು, ಈ ಸಬ್ಜಾವನ್ನೇ ಚಿಯಾ ಎಂದುಕೊಂಡು ಕೊಳ್ಳುವವರೂ ಇದ್ದಾರೆ. ವ್ಯತ್ಯಾಸ ತಿಳಿಯುವುದು ಸುಲಭ. ಸಬ್ಜಾ ಒಂದೇ ಸಮನಾಗಿ ಕಪ್ಪು. ಚಿಯಾ ಬೂದು, ಕಪ್ಪು, ಬಿಳಿ ಚುಕ್ಕೆಗಳ ಮಿಶ್ರ ಬಣ್ಣ, ಆಕಾರ ಮೊಟ್ಟೆಯಂತೆ. ನೀರಿಗೆ ಹಾಕಿದರೆ ಸಬ್ಜಾ ಕೆಲವೇ ನಿಮಿಷದಲ್ಲಿ ಒಂದೊಂದು ಕಾಳಿನ ಸುತ್ತ ಬಿಳಿ ಪೊರೆ ಕಟ್ಟಿಕೊಳ್ಳುತ್ತದೆ. ಚಿಯಾ ನಿಧಾನ, ಅರ್ಧ ಗಂಟೆ ಬಿಟ್ಟರೆ ಇಡೀ ಲೋಟವೇ ಗಂಜಿಯಂತೆ ಗಟ್ಟಿಯಾಗುತ್ತದೆ.

ಈಗ ಅಗಸೆಯ ಷರತ್ತಿಗೆ ಬರೋಣ. ಅಗಸೆಯನ್ನು ಪುಡಿ ಮಾಡಲೇಬೇಕು. ಇಡೀ ಕಾಳಿನ ಸಿಪ್ಪೆ ನುಣುಪು ಮತ್ತು ಗಟ್ಟಿ. ನಾವು ಎಷ್ಟು ಅಗಿದರೂ ಬಹಳಷ್ಟು ಕಾಳು ಹಾಗೆಯೇ ಒಳಗೆ ಹೋಗಿ ಹಾಗೆಯೇ ಹೊರಗೆ ಬರುತ್ತದೆ. ಮಲದಲ್ಲಿ ಕಾಳು ಕಾಣುತ್ತಿದ್ದರೆ ನೀವು ಕೊಟ್ಟ ಹಣವೂ ಅದರ ಜೊತೆಗೆ ಹೋಯಿತು ಎಂದೇ ಅರ್ಥ. ಮೊಸರಿನ ಮೇಲೆ ಇಡೀ ಅಗಸೆ ಉದುರಿಸಿಕೊಂಡು ತಿನ್ನುವವರಿಗೆ ಸ್ವಲ್ಪ ನಾರು ಸಿಗಬಹುದು, ಒಮೆಗಾ-3 ಹೆಚ್ಚಾಗಿ ಸಿಗುವುದಿಲ್ಲ.

ಚಿಯಾವನ್ನು ಪುಡಿ ಮಾಡಬೇಕಿಲ್ಲ, ಅದೇ ಅದರ ಹೆಚ್ಚುಗಾರಿಕೆ ಎಂದು ಮಾರುವವರು ಹೇಳುತ್ತಾರೆ. ಅದೂ ಪೂರ್ತಿ ನಿಜವಲ್ಲ. 2012ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಮುಟ್ಟು ನಿಂತ ಮಹಿಳೆಯರಿಗೆ ಹತ್ತು ವಾರ ದಿನಕ್ಕೆ 25 ಗ್ರಾಂ ಚಿಯಾ ಕೊಟ್ಟರು, ಕೆಲವರಿಗೆ ಇಡೀ ಕಾಳು, ಕೆಲವರಿಗೆ ಪುಡಿ. ಪುಡಿ ತಿಂದವರ ರಕ್ತದಲ್ಲಿ ಒಮೆಗಾ-3 ಚೆನ್ನಾಗಿ ಏರಿತು. ಇಡೀ ಕಾಳು ತಿಂದವರಲ್ಲಿ ಹಾಗೆ ಏರಲಿಲ್ಲ. ಅಂದರೆ ನೆನೆಸಿದ ಚಿಯಾ ಕುಡಿಯುವವರು ಕೊಳ್ಳುತ್ತಿರುವುದು ಮುಖ್ಯವಾಗಿ ಲೋಳೆಯನ್ನು.

ಪುಡಿ ಮಾಡುವ ಕ್ರಮ ಹೀಗಿರಲಿ. ನಾಲ್ಕು ಜನರ ಮನೆಗೆ ವಾರಕ್ಕೆ 200 ಗ್ರಾಂ ಸಾಕು. ಕಸ, ಮಣ್ಣು ಆರಿಸಿ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಮೂರು ನಾಲ್ಕು ನಿಮಿಷ ಕೈಯಾಡಿಸಿ. ಕಾಳು ಚಟಪಟ ಎನ್ನತೊಡಗಿ ಸ್ವಲ್ಪ ಉಬ್ಬಿದಂತೆ ಕಂಡಾಗ ಇಳಿಸಿ. ಬಣ್ಣ ಕಪ್ಪಾಗುವ ತನಕ ಬಿಡಬೇಡಿ, ಕಹಿಯಾಗುತ್ತದೆ. ಹಸಿ ಅಗಸೆಯಲ್ಲಿ ಸಯನೈಡ್ ಬಿಡುವ ಗುಣದ ಪದಾರ್ಥಗಳು ಅತ್ಯಲ್ಪ ಪ್ರಮಾಣದಲ್ಲಿ ಇರುತ್ತವೆ. ದಿನಕ್ಕೆ ಒಂದೆರಡು ಚಮಚದಷ್ಟಕ್ಕೆ ಹೆದರಬೇಕಿಲ್ಲ, ಹುರಿದರೆ ಅದೂ ಕಡಿಮೆಯಾಗುತ್ತದೆ. ಹಳಬರು ಹುರಿಯದೆ ಬಳಸುತ್ತಿರಲಿಲ್ಲ ಎಂಬುದರಲ್ಲಿ ಅರ್ಥವಿದೆ. ಹುರಿದದ್ದನ್ನು ತಟ್ಟೆಯಲ್ಲಿ ಹರಡಿ ಪೂರ್ತಿ ಆರಿಸಿ. ಬಿಸಿ ಇರುವಾಗಲೇ ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟುಕೊಂಡು ಮುದ್ದೆಯಾಗುತ್ತದೆ. ಸಣ್ಣ ಜಾರಿನಲ್ಲಿ ಐದೈದು ಸೆಕೆಂಡ್ ನಿಲ್ಲಿಸಿ ನಿಲ್ಲಿಸಿ ತಿರುಗಿಸಿದರೆ ಪುಡಿ ಉದುರಾಗಿ ಬರುತ್ತದೆ.

ಈ ಪುಡಿಯನ್ನು ಗಾಜಿನ ಅಥವಾ ಸ್ಟೀಲ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಡಿ, ಒಂದೆರಡು ವಾರದಲ್ಲಿ ಮುಗಿಸಿ. ಇಷ್ಟೊಂದು ಎಚ್ಚರಿಕೆ ಏಕೆಂದರೆ, ಒಮೆಗಾ-3 ಕೊಬ್ಬು ಗಾಳಿ, ಬೆಳಕು, ಶಾಖ ತಗುಲಿದರೆ ಬೇಗ ಕೆಡುತ್ತದೆ. ಇಡೀ ಕಾಳಿನಲ್ಲಿ ಸಿಪ್ಪೆ ಅದನ್ನು ಕಾಪಾಡುತ್ತದೆ, ಪುಡಿಯಲ್ಲಿ ಕಾಪಾಡುವವರಿಲ್ಲ. ಕೆಟ್ಟದ್ದನ್ನು ಪತ್ತೆ ಹಚ್ಚಲು ಮೂಗೇ ಸಾಕು. ಕ್ರಿಕೆಟ್ ಬ್ಯಾಟಿಗೆ ಹಚ್ಚುವ ಲಿನ್‌ಸೀಡ್ ಎಣ್ಣೆಯ ವಾಸನೆ ನಿಮ್ಮ ಮನೆಯ ಹುಡುಗರಿಗೆ ಗೊತ್ತು. ಅದು ಇದೇ ಅಗಸೆಯ ಎಣ್ಣೆ, ಬಣ್ಣ ಮತ್ತು ವಾರ್ನಿಶ್‌ಗೂ ಬಳಸುತ್ತಾರೆ. ಪುಡಿಯ ಡಬ್ಬಿ ತೆರೆದಾಗ ಆ ಬಣ್ಣದಂಗಡಿಯ ವಾಸನೆ ಬಂದರೆ, ನಾಲಿಗೆಗೆ ಇಟ್ಟಾಗ ಕಹಿ ಒಗರು ಅನಿಸಿದರೆ ಎಸೆಯಿರಿ. ಒಳ್ಳೆಯ ಪುಡಿಗೆ ಕಡಲೆಕಾಯಿಯಂತಹ ಹಗುರ ಪರಿಮಳ ಇರುತ್ತದೆ. ಇದೇ ಕಾರಣಕ್ಕೆ ಅಂಗಡಿಯಲ್ಲಿ ಸಿದ್ಧ ಅಗಸೆ ಪುಡಿ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಅದು ಯಾವಾಗ ಪುಡಿಯಾಗಿ, ಎಷ್ಟು ದಿನ ಬಿಸಿಲು ಬೀಳುವ ಕಪಾಟಿನಲ್ಲಿ ಇತ್ತೋ ತಿಳಿಯುವ ದಾರಿಯಿಲ್ಲ.

ತಿನ್ನುವುದಕ್ಕೆ ಹೊಸ ಅಡುಗೆ ಬೇಕಿಲ್ಲ. ಒಂದು ಬಟ್ಟಲು ಅಗಸೆಗೆ ಏಳೆಂಟು ಬ್ಯಾಡಗಿ ಮೆಣಸಿನಕಾಯಿ, ಒಂದು ಚಮಚ ಜೀರಿಗೆ, ಏಳೆಂಟು ಎಸಳು ಬೆಳ್ಳುಳ್ಳಿ, ಚೂರು ಹುಣಸೆ, ಉಪ್ಪು ಹಾಕಿದರೆ ಚಟ್ನಿಪುಡಿ ಆಯಿತು. ಅನ್ನಕ್ಕೆ, ರೊಟ್ಟಿಗೆ, ದೋಸೆಗೆ ನಡೆಯುತ್ತದೆ. ಚಪಾತಿ ಹಿಟ್ಟಿಗೆ ತಲೆಗೊಂದು ಚಮಚ ಸೇರಿಸಿ ಕಲಸಬಹುದು, ಚಪಾತಿ ಬೇಯುವಷ್ಟು ಶಾಖಕ್ಕೆ ಹೆಚ್ಚೇನೂ ನಷ್ಟವಾಗುವುದಿಲ್ಲ. ದಾಲ್ಚಾ, ಖುರ್ಮಾಗಳಿಗೆ ಕೊನೆಯಲ್ಲಿ ಹಾಕಿದರೆ ಗಟ್ಟಿಯಾಗುತ್ತದೆ, ಆದರೆ ರುಚಿ ಸ್ವಲ್ಪ ಬದಲಾಗುತ್ತದೆ.

ಅಗಸೆಯಿಂದ ಏನನ್ನು ನಿರೀಕ್ಷಿಸಬಹುದು? ಕೆನಡಾದಲ್ಲಿ ಕಾಲಿನ ರಕ್ತನಾಳ ಕಿರಿದಾಗಿದ್ದ ರೋಗಿಗಳಿಗೆ ಆರು ತಿಂಗಳು ದಿನಕ್ಕೆ 30 ಗ್ರಾಂ ಅಗಸೆ ಪುಡಿ ಕೊಟ್ಟಾಗ ರಕ್ತದೊತ್ತಡದ ಮೇಲಿನ ಅಂಕಿ ಸುಮಾರು ಹತ್ತರಷ್ಟು ಕಡಿಮೆ ಇತ್ತು ಎಂದು 2013ರಲ್ಲಿ ವರದಿಯಾಯಿತು. ಅಂತರ್ಜಾಲದಲ್ಲಿ ಓಡಾಡುವುದು ಈ ಹತ್ತರ ಮಾತೇ. ಬೇರೆ ಬೇರೆ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಸರಾಸರಿ ಇಳಿಕೆ ಎರಡು ಮೂರು ಅಂಕಿ ಮಾತ್ರ. ಹಾಗಾಗಿ ಬಿ.ಪಿ. ಮಾತ್ರೆಯ ಜೊತೆಗೆ ಅಗಸೆ ಸರಿ, ಮಾತ್ರೆಯ ಬದಲಿಗೆ ಸರಿಯಲ್ಲ.

ಇನ್ನೊಂದು ಮಿತಿಯನ್ನೂ ಹೇಳಬೇಕು. ಹೃದಯಕ್ಕೂ ಮಿದುಳಿಗೂ ನೇರವಾಗಿ ಬಳಕೆಯಾಗುವ ಒಮೆಗಾ-3 ಮೀನಿನಲ್ಲಿರುವುದು. ಬೀಜದಲ್ಲಿರುವುದನ್ನು ದೇಹ ಅದಾಗಿ ಬದಲಾಯಿಸಿಕೊಳ್ಳಬೇಕು, ಬದಲಾಗುವುದು ನೂರರಲ್ಲಿ ಕೆಲವೇ ಪಾಲು. ವಾರಕ್ಕೆ ಎರಡು ಸಲ ಭೂತಾಯಿ ಅಥವಾ ಬಂಗುಡೆ ತಿನ್ನುವ ಮನೆಯವರು ಒಮೆಗಾ-3ಗಾಗಿ ಬೀಜದ ಹಿಂದೆ ಬೀಳಬೇಕಿಲ್ಲ. ಅವರಿಗೆ ಅಗಸೆಯಿಂದ ಬರುವ ಲಾಭ ನಾರಿನದ್ದು. ಮೀನು ಒಗ್ಗದ ಮನೆಗೆ ಅಗಸೆ ಹೆಚ್ಚು ಮುಖ್ಯ.

ಎರಡನೆಯ ಜೋಡಿ ಎಳ್ಳು ಮತ್ತು ಕುಂಬಳಬೀಜ. ಹಸಿರು ಕುಂಬಳಬೀಜ ಈ ನಾಲ್ಕರಲ್ಲಿ ಅತಿ ದುಬಾರಿ. ಜನ ಅದನ್ನು ಕೊಳ್ಳುವುದು ಸತು, ಕಬ್ಬಿಣ, ಮೆಗ್ನೀಷಿಯಂ ಮತ್ತು ಪ್ರೋಟೀನ್‌ಗಾಗಿ. ಹತ್ತು ಗ್ರಾಂ, ಅಂದರೆ ಒಂದು ದೊಡ್ಡ ಚಮಚದಷ್ಟು ಕುಂಬಳಬೀಜದಲ್ಲಿ ಮೂರು ಗ್ರಾಂ ಪ್ರೋಟೀನ್, 0.9 ಮಿಲಿಗ್ರಾಂ ಕಬ್ಬಿಣ, 0.8 ಮಿಲಿಗ್ರಾಂ ಸತು ಇದೆ. ಹತ್ತು ಗ್ರಾಂ ಸಿಪ್ಪೆ ಸಹಿತ ಎಳ್ಳಿನಲ್ಲಿ ಕಬ್ಬಿಣ ಸುಮಾರು 1.4 ಮಿಲಿಗ್ರಾಂ, ಸತು ಕುಂಬಳಬೀಜದಷ್ಟೇ, ಜೊತೆಗೆ ನೂರು ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ. ಕುಂಬಳಬೀಜದಲ್ಲಿ ಕ್ಯಾಲ್ಸಿಯಂ ಹೇಳಿಕೊಳ್ಳುವಷ್ಟಿಲ್ಲ. ಕುಂಬಳಬೀಜ ಗೆಲ್ಲುವುದು ಮೆಗ್ನೀಷಿಯಂ ಮತ್ತು ಪ್ರೋಟೀನ್‌ನಲ್ಲಿ. ಕಿಲೋಗೆ ಕುಂಬಳಬೀಜ 700, ಎಳ್ಳು 240 ರೂಪಾಯಿ ಎಂದು ಹಿಡಿದರೆ ಒಂದು ಚಮಚಕ್ಕೆ ಏಳು ರೂಪಾಯಿ ಒಂದು ಕಡೆ, ಎರಡೂವರೆ ರೂಪಾಯಿಗೂ ಕಡಿಮೆ ಇನ್ನೊಂದು ಕಡೆ. ಪ್ರೋಟೀನ್ ಬೇಕಿದ್ದರೆ ಅದಕ್ಕೆ ಕಡಲೆಕಾಯಿ ಬೀಜ ಇದೆ, ಹತ್ತು ಗ್ರಾಂನಲ್ಲಿ ಎರಡೂವರೆ ಗ್ರಾಂ ಪ್ರೋಟೀನ್, ಎಳ್ಳಿಗಿಂತಲೂ ಅಗ್ಗ.

ಎಳ್ಳಿನ ಷರತ್ತು ಸಿಪ್ಪೆ. ಅಂಗಡಿಯಲ್ಲಿ ಮುತ್ತಿನಂತೆ ಹೊಳೆಯುವ, ಒಂದೇ ಸಮ ಬೆಳ್ಳಗಿರುವ ಎಳ್ಳು ಸಿಪ್ಪೆ ತೆಗೆದದ್ದು. ಬೇಕರಿಯವರು ಬನ್ ಮೇಲೆ ಉದುರಿಸುವುದು ಇದನ್ನೇ. ಎಳ್ಳಿನ ಕ್ಯಾಲ್ಸಿಯಂ ಬಹುಪಾಲು ಸಿಪ್ಪೆಯಲ್ಲಿದೆ. ಸಿಪ್ಪೆ ಹೋದರೆ ನೂರು ಮಿಲಿಗ್ರಾಂ ಇದ್ದದ್ದು ಹತ್ತರ ಆಸುಪಾಸಿಗೆ ಇಳಿಯುತ್ತದೆ, ಬೆಲೆ ಮಾತ್ರ ಏರುತ್ತದೆ. ಸಿಪ್ಪೆ ಸಹಿತ ಬಿಳಿ ಎಳ್ಳು ಹಾಲಿನ ಕೆನೆಯ ಬಣ್ಣದಲ್ಲಿ ಮಂಕಾಗಿ ಕಾಣುತ್ತದೆ, ಕಾಳುಗಳ ಬಣ್ಣ ಒಂದೇ ಸಮ ಇರುವುದಿಲ್ಲ. ಕಪ್ಪೆಳ್ಳಿನಲ್ಲಿ ಈ ಗೊಂದಲವೇ ಇಲ್ಲ, ಅದರ ಕಪ್ಪು ಇರುವುದೇ ಸಿಪ್ಪೆಯಲ್ಲಿ. “ಆಪಾ, ಇದು ಒಳ್ಳೆ ಕ್ವಾಲಿಟಿ, ನೋಡಿ ಎಷ್ಟು ಬಿಳಿ” ಎಂದು ಅಂಗಡಿಯವರು ತೋರಿಸಿದರೆ “ಭಾಯ್, ಸಿಪ್ಪೆ ಇರೋದು ಕೊಡಿ” ಎಂದು ಕೇಳಿ.

ಆದರೆ ಎಳ್ಳನ್ನೂ ಅತಿಯಾಗಿ ಹೊಗಳಬಾರದು. ಅದೇ ಸಿಪ್ಪೆಯಲ್ಲಿ ಆಕ್ಸಲೇಟ್ ಎಂಬ ಪದಾರ್ಥವೂ ಇದ್ದು ಕ್ಯಾಲ್ಸಿಯಂ ಹೀರಿಕೆಯನ್ನು ತಡೆಯುತ್ತದೆ. ಹಾಲಿನ ಕ್ಯಾಲ್ಸಿಯಂನಲ್ಲಿ ಸುಮಾರು ಮೂರನೇ ಒಂದು ಭಾಗ ದೇಹಕ್ಕೆ ಸೇರಿದರೆ, ಎಳ್ಳಿನದರಲ್ಲಿ ಐದನೇ ಒಂದು ಭಾಗ. ದಿನಕ್ಕೆ ಬೇಕಾದದ್ದು ಸಾವಿರ ಮಿಲಿಗ್ರಾಂ, ಒಂದು ಚಮಚ ಎಳ್ಳು ಅದರ ಹತ್ತನೇ ಭಾಗವನ್ನು ಕಾಗದದ ಮೇಲೆ ಕೊಡುತ್ತದೆ, ದೇಹಕ್ಕೆ ಇನ್ನೂ ಕಡಿಮೆ. ಮೂಳೆಯ ಚಿಂತೆ ಇರುವ ಅಜ್ಜಿಗೆ ಒಂದು ಲೋಟ ಹಾಲು ಅಥವಾ ಮೊಸರು, ರಾಗಿ ಅಂಬಲಿ ಮೊದಲು, ಎಳ್ಳು ಆಮೇಲೆ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇದೆ, ರಾಗಿಯನ್ನು ಚಮಚದಲ್ಲಿ ಅಲ್ಲ, ಬಟ್ಟಲಲ್ಲಿ ತಿನ್ನುತ್ತೇವೆ.

ಎಳ್ಳನ್ನೂ ಅರೆದೇ ತಿನ್ನಬೇಕು, ಅಗಸೆಯ ಕಾರಣವೇ ಇದಕ್ಕೂ. ಕುಲ್ಚಾ, ಶೀರ್‌ಮಾಲ್ ಮೇಲಿನ ಎಳ್ಳು ಅಂದಕ್ಕೆ ಮತ್ತು ಪರಿಮಳಕ್ಕೆ. ನಮ್ಮ ಅಡುಗೆಯಲ್ಲಿ ಎಳ್ಳನ್ನು ಅರೆಯುವ ಪದ್ಧತಿ ಹಿಂದಿನಿಂದಲೂ ಇದೆ: ಬಘಾರೆ ಬೈಂಗನ್‌ಗೆ, ಮಿರ್ಚಿ ಕಾ ಸಾಲನ್‌ಗೆ ಎಳ್ಳು, ಕಡಲೆಕಾಯಿ, ಕೊಬ್ಬರಿ ಹುರಿದು ಅರೆಯುತ್ತಾರೆ. ಖಿಚಡಿಯ ಜೊತೆಗಿನ ತಿಲ್ ಕಿ ಚಟ್ನಿಯಲ್ಲಿ ಹುರಿದ ಎಳ್ಳು, ಹುಣಸೆ, ಹಸಿಮೆಣಸು, ಕೊತ್ತಂಬರಿ. ಹುಣಸೆಯ ಮತ್ತು ನಿಂಬೆಯ ಹುಳಿ ಇಲ್ಲಿ ರುಚಿಗಷ್ಟೇ ಅಲ್ಲ. ಬೀಜದ ಕಬ್ಬಿಣ ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲ, ನಿಂಬೆಯ ಸಿ ಜೀವಸತ್ವ ಜೊತೆಗಿದ್ದರೆ ಹೆಚ್ಚು ಹತ್ತುತ್ತದೆ. ಊಟ ಮುಗಿಸಿದ ಕೂಡಲೇ ಚಹಾ ಕುಡಿದರೆ ಮತ್ತೆ ಕಡಿಮೆಯಾಗುತ್ತದೆ. ಶಿವಾಜಿನಗರದಲ್ಲಿ ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆ ಬಿಡಿ ಎಂದರೆ ಯಾರು ಕೇಳುತ್ತಾರೋ ಗೊತ್ತಿಲ್ಲ, ರಕ್ತಹೀನತೆ ಇರುವ ಹೆಣ್ಣುಮಕ್ಕಳಾದರೂ ಕೇಳಬೇಕು.

ಕುಂಬಳಬೀಜ ಇಷ್ಟಪಡುವವರಿಗೆ ಒಂದು ಮಾತು. ನಮ್ಮ ಮನೆಗಳಲ್ಲಿ ಖುರ್ಮಾಕ್ಕೆ, ಹಲ್ವಾಕ್ಕೆ ಬಳಸುವ ‘ಚಾರ್ ಮಗಜ್’ ಎಂದರೆ ಕಲ್ಲಂಗಡಿ, ಖರ್ಬೂಜ, ಸೌತೆ, ಕುಂಬಳ ಎಂಬ ನಾಲ್ಕು ಜಾತಿಯ ಬೀಜಗಳ ತಿರುಳು. ಕಲ್ಲಂಗಡಿ ಬೀಜದ ತಿರುಳು ಪ್ರೋಟೀನ್, ಮೆಗ್ನೀಷಿಯಂ, ಕಬ್ಬಿಣದಲ್ಲಿ ಕುಂಬಳಬೀಜಕ್ಕೆ ಬಹಳ ಹತ್ತಿರ, ಸತುವಿನಲ್ಲಿ ಇನ್ನೂ ಮುಂದು. ಎರಡರ ದರ ಕೇಳಿ, ಯಾವುದು ಕಡಿಮೆಯೋ ಅದನ್ನು ತನ್ನಿ. ಇನ್ನು ಹಲಸೂರಿನ ಅಥವಾ ಕೆ.ಆರ್. ಪುರದ ಮಾರುಕಟ್ಟೆಯಲ್ಲಿ ಸಿಹಿಕುಂಬಳವನ್ನು ಹೋಳು ಮಾಡಿ ಮಾರುವವರು ತಿರುಳಿನ ಜೊತೆ ಬೀಜವನ್ನು ಕೆರೆದು ಬುಟ್ಟಿಗೆ ಹಾಕುತ್ತಾರೆ. ಕದ್ದು ಕೊಳ್ಳುವಾಗ ಬೀಜವನ್ನೂ ಕೇಳಿ ತನ್ನಿ. ನಾರು ಬಿಡಿಸಿ ತೊಳೆದು, ಉಪ್ಪು ನೀರಿನಲ್ಲಿ ರಾತ್ರಿ ನೆನೆಸಿ, ಎರಡು ದಿನ ಒಣಗಿಸಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಹುರಿಯಿರಿ. ಹಸಿರು ಬೀಜದಂತೆ ಬಿಡಿಸಿದ್ದಲ್ಲ, ಬಿಳಿ ಸಿಪ್ಪೆಯನ್ನು ಹಲ್ಲಿನಲ್ಲಿ ಸೀಳಿ ತಿರುಳು ತಿನ್ನಬೇಕು. ಹೊತ್ತು ಹಿಡಿಯುತ್ತದೆ ನಿಜ, ಹೊತ್ತು ಹಿಡಿಯುವುದರಿಂದಲೇ ಮಿತಿಯಲ್ಲಿಯೂ ಇರುತ್ತದೆ.

ಈಗ ಕೆ.ಆರ್. ಪುರದ ಒಂದು ಮನೆಯನ್ನು ಕಲ್ಪಿಸಿಕೊಂಡು ಲೆಕ್ಕ ಹಾಕೋಣ. ಅಜ್ಜಿಗೆ ಮಂಡಿ ನೋವು, ಅಬ್ಬಾನಿಗೆ ಬಿ.ಪಿ. ಮತ್ತು ಮಲಬದ್ಧತೆ, ಅಮ್ಮಿಗೆ ಆಯಾಸ, ಹದಿನಾರರ ಮಗಳ ಹಿಮೋಗ್ಲೋಬಿನ್ ಒಂಬತ್ತೂವರೆ, ಒಂಬತ್ತರ ಮಗ ಆರೋಗ್ಯವಾಗಿದ್ದಾನೆ. ಅವರು ತಿಂಗಳಿಗೆ 200 ಗ್ರಾಂ ಚಿಯಾಕ್ಕೆ 180, 200 ಗ್ರಾಂ ಕುಂಬಳಬೀಜದ ಪೊಟ್ಟಣಕ್ಕೆ 180, ‘ಏಳು ಬೀಜಗಳ ಮಿಶ್ರಣ’ದ ಒಂದು ಡಬ್ಬಿಗೆ 300, ಒಟ್ಟು 660 ರೂಪಾಯಿ ಕೊಡುತ್ತಿದ್ದಾರೆ. ಐದು ಜನರಿಗೆ ಹಂಚಿದರೆ ದಿನಕ್ಕೆ ಒಬ್ಬರಿಗೆ ನಾಲ್ಕೈದು ಗ್ರಾಂ, ಅದೂ ಇಡೀ ಕಾಳು.

ಅದರ ಬದಲು ದೊಡ್ಡವರು ಮೂವರಿಗೂ ಮಗಳಿಗೂ ದಿನಕ್ಕೊಂದು ದೊಡ್ಡ ಚಮಚ ಅಗಸೆ ಪುಡಿ ಎಂದರೆ ತಿಂಗಳಿಗೆ 840 ಗ್ರಾಂ, ಸುಮಾರು 120 ರೂಪಾಯಿ. ದಿನ ಬಿಟ್ಟು ದಿನ ಐವರಿಗೂ ಹತ್ತು ಗ್ರಾಂ ಸಿಪ್ಪೆ ಸಹಿತ ಎಳ್ಳು ಚಟ್ನಿಯ ರೂಪದಲ್ಲಿ ಎಂದರೆ 750 ಗ್ರಾಂ, 180 ರೂಪಾಯಿ. ಒಟ್ಟು 300. ಉಳಿದ 360 ರೂಪಾಯಿಗೆ, ಮೊಟ್ಟೆ ಒಂದಕ್ಕೆ ಏಳು ರೂಪಾಯಿ ಎಂದರೂ ಐವತ್ತು ಮೊಟ್ಟೆ ಬರುತ್ತದೆ. ಅಬ್ಬಾನ ಮಲಬದ್ಧತೆಗೆ ಅಗಸೆಯಿಂದ ಒಂದೆರಡು ವಾರದಲ್ಲಿ ವ್ಯತ್ಯಾಸ ತಿಳಿಯಬೇಕು, ನೀರು ಸಾಕಷ್ಟು ಕುಡಿದರೆ ಮಾತ್ರ. ಮೊದಲ ವಾರ ಒಂದು ಟೀ ಚಮಚದಿಂದ ಶುರು ಮಾಡಿ ಏರಿಸಿದರೆ ಹೊಟ್ಟೆ ಉಬ್ಬರ ಬರುವುದಿಲ್ಲ.

ಮಗಳ ವಿಷಯ ಬೇರೆ. ಆ ವಯಸ್ಸಿನ ಹುಡುಗಿಗೆ ದಿನಕ್ಕೆ ಸುಮಾರು 30 ಮಿಲಿಗ್ರಾಂ ಕಬ್ಬಿಣ ಬೇಕು. ಒಂದು ಚಮಚ ಎಳ್ಳಿನಲ್ಲಿರುವುದು ಒಂದೂವರೆಗೂ ಕಡಿಮೆ, ಕುಂಬಳಬೀಜದಲ್ಲಿ ಒಂದಕ್ಕೂ ಕಡಿಮೆ. ಹಿಮೋಗ್ಲೋಬಿನ್ ಒಂಬತ್ತೂವರೆಗೆ ಇಳಿದ ಮೇಲೆ ಯಾವ ಬೀಜದಿಂದಲೂ ಅದನ್ನು ಮೇಲೆತ್ತಲಾಗದು. ಸರಕಾರಿ ಶಾಲೆಗಳಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುವ ಒಂದು ಕಬ್ಬಿಣದ ಮಾತ್ರೆಯಲ್ಲಿ 60 ಮಿಲಿಗ್ರಾಂ ಇರುತ್ತದೆ. ವೈದ್ಯರಿಗೆ ತೋರಿಸಿ, ಕಾರಣ ತಿಳಿದು, ಅವರು ಹೇಳಿದಷ್ಟು ಕಾಲ ಮಾತ್ರೆ ನುಂಗಬೇಕು. ಆಹಾರದಲ್ಲಿ ವಾರಕ್ಕೊಮ್ಮೆ ಕಲೇಜಿ ತಂದರೆ ಬೀಜಕ್ಕಿಂತ ಎಷ್ಟೋ ಚೆನ್ನಾಗಿ ಹತ್ತುವ ಕಬ್ಬಿಣ ಸಿಗುತ್ತದೆ (ಗರ್ಭಿಣಿಯರು ಮಾತ್ರ ಕಲೇಜಿಯಿಂದ ದೂರವಿರಬೇಕು, ಅದರಲ್ಲಿ ಎ ಜೀವಸತ್ವ ಅತಿಯಾಗಿರುತ್ತದೆ). ಬೀಜದ ಮೇಲೆ ಭರವಸೆಯಿಟ್ಟು ಆರು ತಿಂಗಳು ಕಾಯುವುದರಿಂದ ಆಗುವ ನಷ್ಟ ರೂಪಾಯಿಯದ್ದಲ್ಲ.

ಕೆಲವರು ಎಚ್ಚರಿಕೆ ವಹಿಸಬೇಕು. ಅಗಸೆ, ಚಿಯಾಗಳ ಲೋಳೆ ಮಾತ್ರೆಗಳ ಹೀರಿಕೆಯನ್ನು ತಡಮಾಡುತ್ತದೆ, ಆದ್ದರಿಂದ ಮಾತ್ರೆಗೂ ಇವಕ್ಕೂ ಎರಡು ಗಂಟೆ ಅಂತರವಿರಲಿ. ಬೆಳಿಗ್ಗೆ ಖಾಲಿ ಹೊಟ್ಟೆಯ ಥೈರಾಯ್ಡ್ ಮಾತ್ರೆಯ ಜೊತೆ ಚಿಯಾ ನೀರು ಕುಡಿಯುವ ಅಭ್ಯಾಸ ಬೇಡವೇ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಅಗಸೆಯನ್ನು ದಿನನಿತ್ಯ ಶುರು ಮಾಡುವ ಮೊದಲು ವೈದ್ಯರನ್ನು ಕೇಳಲಿ. ಕಿಡ್ನಿ ದುರ್ಬಲವಾಗಿರುವವರು, ಕಲ್ಲಿನ ತೊಂದರೆ ಇರುವವರು ಎಲ್ಲ ಬೀಜಗಳ ವಿಷಯದಲ್ಲೂ ಕೇಳಬೇಕು. ಎಳ್ಳು ತಿಂದಾಗ ತುಟಿ ಊದಿಕೊಂಡರೆ, ಮೈ ತುರಿಸಿದರೆ ಅದು ಅಲರ್ಜಿ, ಮತ್ತೆ ಮುಟ್ಟಬಾರದು. ಚಿಕ್ಕ ಮಕ್ಕಳಿಗೆ ಇಡೀ ಕುಂಬಳಬೀಜ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಪುಡಿಯೇ ಸರಿ. ಒಣ ಚಿಯಾವನ್ನು ಬಾಯಿಗೆ ಹಾಕಿಕೊಂಡು ಮೇಲೆ ನೀರು ಕುಡಿಯುವುದು ಯಾವ ವಯಸ್ಸಿನವರಿಗೂ ಅಪಾಯ. ಅಮೆರಿಕದಲ್ಲಿ ಹೀಗೆ ಮಾಡಿದ ಒಬ್ಬರ ಅನ್ನನಾಳದಲ್ಲಿ ಬೀಜ ಉಬ್ಬಿ ಮುಚ್ಚಿಕೊಂಡು ಆಸ್ಪತ್ರೆಯಲ್ಲಿ ತೆಗೆಯಬೇಕಾಯಿತು ಎಂದು 2014ರಲ್ಲಿ ವೈದ್ಯರು ವರದಿ ಮಾಡಿದ್ದಾರೆ.

ರಮಝಾನ್‌ನಲ್ಲಿ ಸಹರಿಗೆ ಚಿಯಾ ಕುಡಿದರೆ ದಿನವಿಡೀ ಬಾಯಾರುವುದಿಲ್ಲ ಎಂಬ ಮಾತು ಈಚೆಗೆ ಬಹಳ ಕೇಳಿಬರುತ್ತಿದೆ. ಲೋಳೆಯಲ್ಲಿ ಹಿಡಿದಿರುವುದು ನೀವು ಹಾಕಿದ ನೀರೇ, ಅದೂ ಕೆಲವು ಗಂಟೆಗಳಲ್ಲಿ ಕರುಳು ದಾಟುತ್ತದೆ. ನೀರು ಕಡಿಮೆ ಕುಡಿದು ನಾರು ಹೆಚ್ಚು ತಿಂದರೆ ಮಲಬದ್ಧತೆ ಇನ್ನೂ ಬಿಗಿಯಾಗುತ್ತದೆ. ಆದ್ದರಿಂದ ಆ ತಿಂಗಳು ಅಗಸೆಯ ಚಮಚವನ್ನು ಸಹರಿಯಿಂದ ಇಫ್ತಾರ್ ನಂತರದ ಊಟಕ್ಕೆ ಬದಲಾಯಿಸಿ, ಮಲಗುವ ತನಕ ನೀರು ಕುಡಿಯಲು ಸಮಯ ಸಿಗುತ್ತದೆ. ಶರಬತ್ತಿಗೆ, ಫಾಲೂದಾಕ್ಕೆ ಸಬ್ಜಾ ಸಾಕು. ಇಡೀ ತಿಂಗಳಿಗೆಂದು ಮೊದಲೇ ಕಿಲೋಗಟ್ಟಲೆ ಅಗಸೆ ಪುಡಿ ಮಾಡಿಡಬೇಡಿ. ಇಡೀ ಕಾಳನ್ನು ತಂದಿಟ್ಟು, ಪ್ರತಿ ವಾರ 200 ಗ್ರಾಂ ಹುರಿದು ಪುಡಿ ಮಾಡಿಕೊಳ್ಳಿ.